ಸುಟ್ಟಗಾಯದ ಫೋಟೋದಲ್ಲಿ ಕಾಣದೇ ಇರುವುದು

ಸುಟ್ಟ ಕೈಯ ಫೋಟೋ ಕಳಿಸಿ "ಇದಕ್ಕೆ ಆಸ್ಪತ್ರೆಗೆ ಹೋಗಬೇಕಾ?" ಎಂದು ಕೇಳುವವರು ತುಂಬಾ ಜನ. ನೋಡಿದವರು ಬಣ್ಣ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಕೆಂಪಗಿದ್ದರೆ ಸಣ್ಣದು, ಗುಳ್ಳೆ ಎದ್ದರೆ ಗಾಬರಿ, ನೋವೇ ಇಲ್ಲ ಅಂದರೆ ನೆಮ್ಮದಿ. ಈ ಕೊನೆಯ ನಂಬಿಕೆಯಂತೂ ತುಂಬಾ ಅಪಾಯದ್ದು. ಸುಟ್ಟ ಜಾಗದಲ್ಲಿ ನೋವಿಲ್ಲ ಎಂದರೆ ನೋವನ್ನು ತಿಳಿಸುವ ನರಗಳೇ ಬೆಂದುಹೋಗಿರಬಹುದು.

ಗಾಯದ ಆಳವನ್ನು ಮೂರು ಡಿಗ್ರಿಗಳಾಗಿ ವಿಂಗಡಿಸುವ ರೂಢಿ ಹಳೆಯದು. 1607ರಲ್ಲೇ ಫ್ಯಾಬ್ರಿಶಿಯಸ್ ಹಿಲ್ಡಾನಸ್ ಎಂಬ ಶಸ್ತ್ರವೈದ್ಯ ಸುಟ್ಟಗಾಯದ ಬಗ್ಗೆ ಪುಸ್ತಕ ಬರೆದು ಮೂರು ದರ್ಜೆ ಮಾಡಿದ್ದ. ಈಗಿನ ವೈದ್ಯರು ಡಿಗ್ರಿಗಿಂತ ಜಾಸ್ತಿ ಕೇಳುವುದು ಬೇರೆ ಪ್ರಶ್ನೆ: ಚರ್ಮದ ಯಾವ ಪದರದವರೆಗೆ ಜೀವ ಹೋಗಿದೆ, ಅದರ ಕೆಳಗೆ ರಕ್ತ ಇನ್ನೂ ಓಡಾಡುತ್ತಿದೆಯಾ?

ಮೇಲಿನ ತೆಳು ಪದರ ಎಪಿಡರ್ಮಿಸ್. ಅದರಲ್ಲಿ ರಕ್ತನಾಳಗಳೇ ಇಲ್ಲ. ಕೆಳಗಿನ ದಪ್ಪ ಪದರ ಡರ್ಮಿಸ್. ಕೂದಲೆಳೆಗಿಂತ ಸಣ್ಣ ರಕ್ತನಾಳಗಳು, ನರಗಳು, ಕೂದಲಿನ ಬುಡ, ಬೆವರಿನ ಗ್ರಂಥಿಗಳು ಇರುವುದು ಇಲ್ಲಿ. ಕೂದಲಿನ ಬುಡದ ಸುತ್ತ ಎಪಿಡರ್ಮಿಸ್‌ನ ಜೀವಕೋಶಗಳು ಒಳಕ್ಕೆ ಇಳಿದು ಕೂತಿರುತ್ತವೆ. ಮೇಲಿನದೆಲ್ಲ ಸುಟ್ಟುಹೋದರೂ ಹೊಸ ಚರ್ಮ ಬೆಳೆಯುವುದು ಈ ಕೋಶಗಳಿಂದ. ಅವು ಉಳಿದಿದ್ದರೆ ಗಾಯ ತಾನಾಗಿ ಮುಚ್ಚುತ್ತದೆ. ಅವೂ ಬೆಂದಿದ್ದರೆ ಅಂಚಿನಿಂದ ಮಾತ್ರ ಬೆಳೆಯಬೇಕು. ಅದು ತೀರಾ ನಿಧಾನ.

ಮೇಲ್ಪದರ ಮಾತ್ರ ಸುಟ್ಟರೆ ಚರ್ಮ ಕೆಂಪಗೆ, ಒಣಗಿ, ಉರಿಯುತ್ತದೆ. ಗುಳ್ಳೆ ಏಳುವುದಿಲ್ಲ, ಸುಮಾರು ಒಂದು ವಾರದಲ್ಲಿ ವಾಸಿಯಾಗುತ್ತದೆ. ಬಿಸಿಲಿಗೆ ಚರ್ಮ ಸುಡುತ್ತದಲ್ಲ, ಆ ಥರ. ಡರ್ಮಿಸ್‌ನ ಮೇಲ್ಭಾಗಕ್ಕೂ ಬಿಸಿ ತಟ್ಟಿದಾಗ ಗುಳ್ಳೆ ಬರುತ್ತದೆ. ಬಿಸಿಗೆ ಎರಡು ಪದರಗಳ ನಡುವಿನ ಅಂಟು ಬಿಡುತ್ತದೆ, ಕೆಳಗಿನ ನಾಳಗಳಿಂದ ರಕ್ತದ ತಿಳಿನೀರು ಸೋರಿ ಆ ಸಂದಿಗೆ ತುಂಬುತ್ತದೆ. ಇಲ್ಲೊಂದು ಗಮನಿಸಬೇಕಾದ ಮಾತಿದೆ. ನೀರು ಸೋರಬೇಕಾದರೆ ಕೆಳಗೆ ರಕ್ತ ಹರಿಯುತ್ತಿರಬೇಕು. ಹಾಗಾಗಿ ಗುಳ್ಳೆ ಕಂಡರೆ ಡರ್ಮಿಸ್ ಪೂರ್ತಿ ಸತ್ತಿಲ್ಲ ಎಂಬ ಸುಳಿವು ಅದು. ಚರ್ಮ ಪೂರ್ತಿ ದಪ್ಪಕ್ಕೂ ಬೆಂದಾಗ ಸಾಮಾನ್ಯವಾಗಿ ಗುಳ್ಳೆ ಇರುವುದಿಲ್ಲ. ಬಿಳಿಯಾಗಿಯೋ ಕಂದಾಗಿಯೋ ಕಪ್ಪಾಗಿಯೋ ಇದ್ದು, ಮುಟ್ಟಿದರೆ ತೊಗಲಿನಂತೆ ಬಿಗಿಯಾಗಿರುತ್ತದೆ. ಆದರೆ ಗುಳ್ಳೆ ತನ್ನ ಕೆಳಗಿನ ನೆಲವನ್ನು ಮುಚ್ಚಿಡುತ್ತದೆ. ಆ ನೆಲ ಎಷ್ಟು ಆಳಕ್ಕೆ ಕೆಟ್ಟಿದೆ ಎಂದು ಮೇಲಿಂದ ನೋಡಿ ಹೇಳಲು ಆಗುವುದಿಲ್ಲ.

ಇದೆಲ್ಲ ಒಂದೇ ಗಾಯದಲ್ಲಿ ಹೇಗೆ ಬರುತ್ತದೆ ನೋಡೋಣ. ದೊಡ್ಡವರೊಬ್ಬರ ಮುಂಗೈ ಮೇಲೆ ಕುದಿಯುವ ನೀರು ಚೆಲ್ಲಿತು ಎಂದುಕೊಳ್ಳಿ. ಮೊದಲ ಗಂಟೆಯ ಫೋಟೋದಲ್ಲಿ ಇಡೀ ಜಾಗ ಒಂದೇ ಥರ ಕೆಂಪು, ಅಲ್ಲಲ್ಲಿ ಸಣ್ಣ ಗುಳ್ಳೆ. ಸಂಜೆಗೆ ಗುಳ್ಳೆಗಳು ಸೇರಿ ಒಂದೇ ದೊಡ್ಡದಾಗುತ್ತವೆ. ಮಾರನೇ ದಿನ ಆಸ್ಪತ್ರೆಯಲ್ಲಿ ಸತ್ತ ಮೇಲ್ಪದರವನ್ನು ತೆಗೆದಾಗ ಅಂಚಿನಲ್ಲಿ ಒದ್ದೆ ಗುಲಾಬಿ ಬಣ್ಣ, ನಡುವೆ ಗಾಢ ಕೆಂಪಿನ ಮಚ್ಚೆಗಳು. ಫೋಟೋದಲ್ಲಿ ಎರಡೂ "ಕೆಂಪು" ಅಷ್ಟೇ. ವೈದ್ಯರು ಅಂಚನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅದು ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗುತ್ತದೆ. ಅಲ್ಲಿ ನಾಳಗಳಲ್ಲಿ ರಕ್ತ ಓಡುತ್ತಿದೆ. ನಡುವಿನ ಮಚ್ಚೆಯನ್ನು ಒತ್ತಿದರೆ ಬಣ್ಣ ಕದಲುವುದೇ ಇಲ್ಲ. ನಾಳಗಳು ಒಡೆದು ರಕ್ತದ ಕೆಂಪು ಹೊರಬಂದು ಅಂಗಾಂಶದಲ್ಲೇ ಸಿಕ್ಕಿಕೊಂಡಿದೆ, ಬಟ್ಟೆಗೆ ಹತ್ತಿದ ಕಲೆಯಂತೆ. ಅಂಚಿನಲ್ಲಿ ಸೂಜಿ ತಾಗಿಸಿದರೆ ಗಾಯವಾದವರು ನೋವಿಗೆ ಕೂಗುತ್ತಾರೆ, ನಡುವೆ ತಾಗಿಸಿದರೆ ಮುಟ್ಟಿದ್ದಷ್ಟೇ ಗೊತ್ತಾಗುತ್ತದೆ. ಒಂದೇ ಕೈ, ಒಂದೇ ನೀರು, ಆದರೆ ಅಂಚು ಸುಮಾರು ಎರಡು ವಾರದಲ್ಲಿ ಮುಚ್ಚುತ್ತದೆ. ನಡುಭಾಗಕ್ಕೆ ಮೂರು ವಾರ ದಾಟುತ್ತದೆ, ದಪ್ಪ ಕಲೆ ಉಳಿಯಬಹುದು, ಬೇರೆ ಕಡೆಯಿಂದ ಚರ್ಮ ತೆಗೆದು ಇಲ್ಲಿ ಕೂರಿಸುವ ಆಪರೇಷನ್ ಕೂಡ ಬೇಕಾಗಬಹುದು.

ಒತ್ತಿ ನೋಡುವುದು, ಚುಚ್ಚಿ ನೋಡುವುದು, ಒದ್ದೆಯೋ ಒಣಗಿದೆಯೋ ಎಂದು ತಿಳಿಯುವುದು. ಇವು ಯಾವುದೂ ಫೋಟೋದಲ್ಲಿ ಸಿಗುವುದಿಲ್ಲ. ಅದರ ಮೇಲೆ ಫೋನಿನ ಕ್ಯಾಮರಾ ಬಣ್ಣವನ್ನು ತಾನೇ ತಿದ್ದುತ್ತದೆ, ಫ್ಲ್ಯಾಶ್ ಒದ್ದೆ ಜಾಗವನ್ನು ಬೆಳ್ಳಗೆ ಮಿಂಚಿಸುತ್ತದೆ. ಕಪ್ಪು ಚರ್ಮದಲ್ಲಿ ಇನ್ನೊಂದು ತೊಡಕು. ಮೇಲ್ಪದರದ ಬಣ್ಣದಡಿ ಕೆಂಪು ಅಡಗಿಹೋಗುತ್ತದೆ, ಮೇಲ್ಪದರ ಕಳಚಿದಾಗ ತಿಳಿಗುಲಾಬಿ ಡರ್ಮಿಸ್ ಕಂಡು "ಅಯ್ಯೋ, ಪೂರ್ತಿ ಬಿಳಿಯಾಗಿದೆ" ಎಂದು ಬೆಚ್ಚಿಬೀಳುವುದೂ ಉಂಟು. ಫೋಟೋ ತೆಗೆಯುವುದಾದರೆ ಹಗಲಿನ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಪಕ್ಕದ ಚೆನ್ನಾಗಿರುವ ಚರ್ಮವೂ ಒಂದು ಅಳತೆಪಟ್ಟಿಯೂ ಅದರಲ್ಲಿ ಬರಲಿ. ದಿನಾಂಕ, ಗಂಟೆ ಬರೆದಿಡಿ.

ಗಂಟೆ ಯಾಕೆ ಅಂದರೆ, ಗಾಯದ ಆಳ ಮೊದಲ ದಿನವೇ ತೀರ್ಮಾನವಾಗಿರುವುದಿಲ್ಲ. ಇದನ್ನು ಚೆನ್ನಾಗಿ ವಿವರಿಸಿದವನು ಬರ್ಮಿಂಗ್‌ಹ್ಯಾಮ್‌ನ ಡಗ್ಲಸ್ ಜಾಕ್ಸನ್, 1953ರಲ್ಲಿ. ಗಾಯದ ನಡುವೆ ಸತ್ತ ವಲಯ, ಹೊರಗೆ ಊದಿ ಕೆಂಪಾದರೂ ಖಂಡಿತ ಬದುಕುವ ವಲಯ, ಇವೆರಡರ ನಡುವೆ ರಕ್ತದ ಓಟ ಮಂದವಾದ ಮೂರನೇ ವಲಯ. ಈ ಮೂರನೆಯದು ಎರಡು ಮೂರು ದಿನಗಳಲ್ಲಿ ಬದುಕಲೂಬಹುದು, ಸಾಯಲೂಬಹುದು. ಮೊದಲ ಗಂಟೆಯ ಫೋಟೋದಲ್ಲಿ ಸಾಧಾರಣವಾಗಿ ಕಂಡ ಗಾಯ ಮೂರನೇ ದಿನ ಆಳವಾಗುವುದು ಹೀಗೆ. ಅನುಭವಿ ವೈದ್ಯರೂ ಕೆಲವು ಗಾಯಗಳನ್ನು ಮತ್ತೆ ನೋಡಿ ಹೇಳುತ್ತೇನೆ ಎನ್ನುವುದು ಇದಕ್ಕೇ, ಅವರಿಗೆ ಗೊತ್ತಿಲ್ಲ ಅಂತಲ್ಲ.

ಆ ಮೂರನೇ ವಲಯವನ್ನು ಉಳಿಸಲು ಮನೆಯಲ್ಲೇ ಮಾಡಬಹುದಾದ ಕೆಲಸ ಒಂದೇ. ತಣ್ಣನೆಯ ನಲ್ಲಿ ನೀರನ್ನು 20 ನಿಮಿಷ ಗಾಯದ ಮೇಲೆ ಹರಿಯಬಿಡಿ. ಆಗಲೇ ಸ್ವಲ್ಪ ಹೊತ್ತಾಗಿದ್ದರೂ, ಸುಟ್ಟ ಮೂರು ಗಂಟೆಯೊಳಗೆ ಮಾಡಿದರೆ ಉಪಯೋಗವಿದೆ. ಉಂಗುರ, ಬಳೆ ಇದ್ದರೆ ಊದುವ ಮೊದಲೇ ತೆಗೆಯಿರಿ. ಗಾಯ ದೊಡ್ಡದಿದ್ದರೆ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿಡಿ, ಮಕ್ಕಳಿಗಂತೂ ಮೈ ಬೇಗ ತಣ್ಣಗಾಗುತ್ತದೆ. ಮಂಜುಗಡ್ಡೆ ಇಡಬೇಡಿ, ಅದು ಮಂದವಾಗಿರುವ ನಾಳಗಳನ್ನು ಇನ್ನಷ್ಟು ಮುಚ್ಚಿಸುತ್ತದೆ. ಟೂತ್‌ಪೇಸ್ಟ್, ಬೆಣ್ಣೆ, ಇಂಕು ಹಚ್ಚಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು. ಅವುಗಳಿಂದ ವಾಸಿಯಾಗುವುದಿಲ್ಲ, ಜೊತೆಗೆ ವೈದ್ಯರು ನೋಡಬೇಕಾದ ಬಣ್ಣವೇ ಮುಚ್ಚಿಹೋಗುತ್ತದೆ, ಅದನ್ನು ಉಜ್ಜಿ ತೆಗೆಯುವಾಗ ಇನ್ನೊಂದು ಸಲ ನೋವು. ಗುಳ್ಳೆಯನ್ನು ಮನೆಯಲ್ಲಿ ಒಡೆಯಬೇಡಿ.

ಆಸ್ಪತ್ರೆಗೆ ಯಾವಾಗ? ಅಳತೆಗೆ ಗಾಯವಾದವರ ಅಂಗೈಯನ್ನೇ ಬಳಸಿ, ಬೆರಳು ಸೇರಿಸಿ. ಅದು ಅವರ ಮೈಯ ಸುಮಾರು ಶೇಕಡಾ 1. ಗುಳ್ಳೆ ಎದ್ದ ಗಾಯ ಅದಕ್ಕಿಂತ ದೊಡ್ಡದಿದ್ದರೆ ಹೊರಡಿ. ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲಿದ್ದರೆ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ. ಬಿಳಿ, ಕಪ್ಪು ಅಥವಾ ತೊಗಲಿನಂತೆ ಬಿಗಿಯಾಗಿ ನೋವಿಲ್ಲದ ಜಾಗ ಎಷ್ಟೇ ಚಿಕ್ಕದಿದ್ದರೂ ತೋರಿಸಲೇಬೇಕು. ತೋಳನ್ನೋ ಕಾಲನ್ನೋ ಸುತ್ತುವರಿದ ಗಾಯ ಊದಿದಾಗ ಕೆಳಗಿನ ರಕ್ತದ ಓಟವನ್ನೇ ತಡೆಯಬಹುದು. ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದವರ ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ ಚರ್ಮ ಚೆನ್ನಾಗಿದ್ದರೂ ತಕ್ಷಣ ಕರೆದೊಯ್ಯಿರಿ, ಉಸಿರಿನ ದಾರಿ ಊದಿ ಮುಚ್ಚಿಕೊಳ್ಳಬಹುದು. ರಾಸಾಯನಿಕ ಬಿದ್ದಿದ್ದರೂ ಹೋಗಲೇಬೇಕು. ಕರೆಂಟ್ ಹೊಡೆದವರ ವಿಷಯದಲ್ಲಿ ಫೋಟೋ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುತ್ತದೆ. ಬೆರಳ ತುದಿಯಲ್ಲಿ ಒಂದು ಬೂದು ಚುಕ್ಕೆ ಅಷ್ಟೇ ಕಾಣುತ್ತದೆ, ಒಳಗೆ ಸ್ನಾಯು ಬೆಂದಿರಬಹುದು, ಹೃದಯದ ಬಡಿತದ ಲಯ ತಪ್ಪಿರಬಹುದು, ಅದು ಇಸಿಜಿ ಮಾಡದೆ ಗೊತ್ತಾಗುವುದಿಲ್ಲ.