ಜೂನಿಯರ್‌ಗೆ ಎಲ್ಲಾ ಹೇಳಿಕೊಟ್ಟರೆ ಪಾರ್ಟಿಗಳು ಅವನ ಹಿಂದೆ ಹೋಗುವುದಿಲ್ಲವೇ?

ಓದುಗರ ಪ್ರಶ್ನೆ: ತುಮಕೂರಿನಲ್ಲಿ ಹನ್ನೆರಡು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಇಬ್ಬರು ಹೊಸ ಹುಡುಗರು ಆಫೀಸಿಗೆ ಸೇರಿಸಿಕೊಳ್ಳಿ ಎಂದು ಬಂದಿದ್ದಾರೆ. ಕಾನೂನು ಕಾಲೇಜಿನ ವಿದ್ಯಾರ್ಥಿಗಳೂ ಇಂಟರ್ನ್‌ಶಿಪ್ ಕೇಳುತ್ತಿದ್ದಾರೆ. ಕಲಿಸಿದರೆ ಹೆಸರು ಬರುತ್ತೆ, ನಮ್ಮವರು ಅಂತ ನಾಲ್ಕು ಜನ ಆಗುತ್ತಾರೆ ಎನ್ನುತ್ತಾರೆ. ಆದರೆ ಎಲ್ಲಾ ಕಲಿತ ಮೇಲೆ ನನ್ನ ಪಾರ್ಟಿಗಳನ್ನೇ ಕರೆದುಕೊಂಡು ಎದುರಿಗೆ ಬೋರ್ಡು ಹಾಕಿದರೆ?

ಈ ಪ್ರಶ್ನೆ ಹೆಸರು ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಉತ್ತರ ಮಾತ್ರ ಬದಲಾಗಿಲ್ಲ: ಸೇರಿಸಿಕೊಳ್ಳಿ, ಎಲ್ಲವನ್ನೂ ಕಲಿಸಿ. ಯಾಕೆ, ಹೇಗೆ ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ವಕೀಲರು ಜಾಹೀರಾತು ಕೊಡುವಂತಿಲ್ಲ, ಕೇಸು ಕೊಡಿ ಎಂದು ಕೇಳುವಂತಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದ ಪ್ರಕಾರ ಆಫೀಸಿನ ಬೋರ್ಡು ಕೂಡ ಮಿತವಾದ ಅಳತೆಯಲ್ಲೇ ಇರಬೇಕು. ಹಾಗಾದರೆ ನಿಮ್ಮ ಹೆಸರು ಊರು ದಾಟುವುದು ಹೇಗೆ? ಗೆದ್ದ ಪಾರ್ಟಿ ತನ್ನ ನೆಂಟರಿಗೆ ಹೇಳುತ್ತಾನೆ, ಅದು ಒಂದು ದಾರಿ. ಬೇರೆ ವಕೀಲರು ನಿಮ್ಮ ಹೆಸರು ಹೇಳುವುದು ಇನ್ನೊಂದು ದಾರಿ, ದೊಡ್ಡ ಕೇಸುಗಳು ಹೆಚ್ಚಾಗಿ ಬರುವುದು ಇದರಲ್ಲೇ. ನಿಮ್ಮ ಆಫೀಸಿನಲ್ಲಿ ನಾಲ್ಕು ವರ್ಷ ಇದ್ದ ಹುಡುಗ ಗುಬ್ಬಿಗೆ ಹೋಗಿ ಸ್ವಂತ ಪ್ರಾಕ್ಟೀಸ್ ಶುರುಮಾಡಿದ ಎಂದಿಟ್ಟುಕೊಳ್ಳಿ. ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ಬಂದ ಕೊಲೆ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡುವ ಹಾಗಿಲ್ಲ, ಸೆಷನ್ಸ್ ಕೋರ್ಟಿಗೆ ಒಪ್ಪಿಸಲೇಬೇಕು. ಫೈಲು ತುಮಕೂರಿಗೆ ಬಂದ ದಿನ ಆರೋಪಿಯ ಮನೆಯವರು ಅವನನ್ನು ಕೇಳುವುದು ಒಂದೇ ಮಾತು: ‘ಅಲ್ಲಿ ಯಾರನ್ನ ಹಿಡಿಯೋಣ ಸಾರ್?’ ಅವನ ಬಾಯಲ್ಲಿ ನಿಮ್ಮ ಹೆಸರು ಬರುವುದು ಋಣಕ್ಕಲ್ಲ. ನೀವು ಫೈಲು ಹೇಗೆ ಓದುತ್ತೀರಿ, ಸಾಕ್ಷಿಯನ್ನು ಎಲ್ಲಿ ಹಿಡಿಯುತ್ತೀರಿ ಎಂಬುದನ್ನು ಅವನು ಪಕ್ಕದಲ್ಲೇ ಕೂತು ನೋಡಿದ್ದಾನೆ. ನಿಷ್ಠೆ ಎಂದು ನೀವು ಕರೆಯುವುದರಲ್ಲಿ ಮುಕ್ಕಾಲು ಪಾಲು ಇದೇ.

ಈಗ ಆ ಹಳೇ ಕಥೆ. ಗರಡಿಯ ಉಸ್ತಾದ್ ಎಲ್ಲಾ ಪಟ್ಟುಗಳನ್ನೂ ಹೇಳಿಕೊಟ್ಟು ಒಂದನ್ನು ಮಾತ್ರ ಉಳಿಸಿಕೊಂಡಿದ್ದ, ಶಿಷ್ಯ ತಿರುಗಿಬಿದ್ದಾಗ ಅದೇ ಪಟ್ಟಿನಲ್ಲಿ ಚಿತ್ ಮಾಡಿದ. ಬಾರ್ ಅಸೋಸಿಯೇಷನ್‌ನಲ್ಲಿ ಕಾಫಿ ಕುಡಿಯುತ್ತಾ ಇದನ್ನು ಹೇಳದ ಹಿರಿಯರಿಲ್ಲ. ‘ಒಂದು ಪಟ್ಟು ಇಟ್ಕೊಂಡಿರಬೇಕಪ್ಪ.’ ಸರಿ, ಯಾವ ಪಟ್ಟು? ಕಾನೂನು ಪುಸ್ತಕದಲ್ಲಿದೆ. ತೀರ್ಪುಗಳು, ಕೇಸಿನ ಹಂತ, ಮುಂದಿನ ದಿನಾಂಕ ಎಲ್ಲವೂ ಇ-ಕೋರ್ಟ್ಸ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಇನ್ನು ಉಳಿದದ್ದು ಪಾಟಿ ಸವಾಲು. ಅದನ್ನು ನೀವು ಮಾಡುವುದು ತೆರೆದ ಕೋರ್ಟ್ ಹಾಲಿನಲ್ಲಿ, ಎದುರು ಪಕ್ಷದ ವಕೀಲರ ಮುಂದೆ. ಅವರೆಲ್ಲ ನೋಡಿ ಕಲಿಯಬಹುದು, ನಿಮ್ಮ ಜೂನಿಯರ್ ಮಾತ್ರ ಕಲಿಯಬಾರದು! ಬಚ್ಚಿಡಲು ಜಾಗವೇ ಇಲ್ಲದ ಕಸುಬಿನಲ್ಲಿ ಬಚ್ಚಿಡುವ ಲೆಕ್ಕಾಚಾರ.

ನಿಜಕ್ಕೂ ಪಾರ್ಟಿಗಳು ಜೂನಿಯರ್ ಹಿಂದೆ ಹೋಗುವುದುಂಟು, ಇಲ್ಲ ಎನ್ನುವುದಿಲ್ಲ. ಆದರೆ ಯಾವ ಆಫೀಸಿನಿಂದ ಹೋಗುತ್ತಾರೆ ನೋಡಿ. ಮೊದಲ ದಿನ ಫೀಸು ಮಾತಾಡಿದ ಮೇಲೆ ಸೀನಿಯರ್ ಆ ಪಾರ್ಟಿಯ ಮುಖ ನೋಡಿಲ್ಲ. ಮೂರು ವರ್ಷ ವಾಯಿದೆ ದಿನ ಹೇಳಿದ್ದು, ಪಹಣಿ ತರಲು ಹೇಳಿದ್ದು, ಮುಖ್ಯ ವಿಚಾರಣೆಯ ಅಫಿಡವಿಟ್ ಓದಿ ಹೇಳಿದ್ದು ಎಲ್ಲಾ ಜೂನಿಯರ್. ಸಾಕ್ಷಿ ದಿನ ಸೀನಿಯರ್ ಎದುರಿಗೇ ಕೇಳುತ್ತಾರೆ, ‘ಯಾವ ಜಮೀನಪ್ಪ ನಿಂದು?’ ಆ ರೈತ ಜೂನಿಯರ್ ಹಿಂದೆ ಹೋಗದೆ ಇನ್ನೇನು ಮಾಡಬೇಕು? ಅಲ್ಲಿ ಜಾಸ್ತಿಯಾದದ್ದು ಕಲಿಸಿದ್ದಲ್ಲ, ಕಡಿಮೆಯಾದದ್ದು ಸೀನಿಯರ್ ಓದಿದ್ದು. ಮದ್ದು ಸುಲಭ. ಪ್ರತಿ ಫೈಲಿನಲ್ಲಿ ಮೂರು ಸಲ ನೀವೇ ಪಾರ್ಟಿಯ ಜೊತೆ ಕೂರಿ: ದಾವೆ ಹಾಕುವ ಮುಂಚೆ, ಸಾಕ್ಷಿಗೆ ಮುಂಚೆ, ವಾದಕ್ಕೆ ಮುಂಚೆ. ಮೂರೂ ಸಲ ಜೂನಿಯರ್ ಪಕ್ಕದಲ್ಲೇ ಇರಲಿ.

ಪಟ್ಟು ಉಳಿಸಿಕೊಂಡವರು ಕೊನೆಗೆ ಹಿಡಿಯುವುದು ಫೈಲನ್ನು. ಜೂನಿಯರ್ ಬಿಟ್ಟ, ಪಾರ್ಟಿಯೂ ಹೊರಟ, ‘ಎನ್‌ಒಸಿ ಕೊಡಲ್ಲ’ ಎಂದು ಕೂರುವುದು. ಒಬ್ಬರ ವಕಾಲತ್ತು ಇರುವಾಗ ಇನ್ನೊಬ್ಬರು ಅವರ ಒಪ್ಪಿಗೆ ಇಲ್ಲದೆ ಹಾಜರಾಗಬಾರದು ಎಂಬ ನಿಯಮ ಇದೆ, ನಿಜ. ಆದರೆ ಅದೇ ನಿಯಮದ ಮುಂದಿನ ಭಾಗವನ್ನು ಯಾರೂ ಓದುವುದಿಲ್ಲ: ಒಪ್ಪಿಗೆ ಸಿಗದಿದ್ದರೆ ಕಾರಣ ಬರೆದು ಕೋರ್ಟಿನ ಅನುಮತಿ ಪಡೆದು ಹಾಜರಾಗಬಹುದು. ಫೀಸು ಬಾಕಿ ಇದೆ ಎಂದು ಫೈಲು ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಅಂದರೆ ಆ ಕೊನೆಯ ಪಟ್ಟಿನಲ್ಲಿ ಬಲವಿಲ್ಲ. ಫೈಲು ಹೋಗುತ್ತದೆ, ಜೊತೆಗೆ ಹಾಲ್ ಪೂರ್ತಿ ನಿಮ್ಮ ಬಗ್ಗೆ ಒಂದು ಮಾತು ಉಳಿಯುತ್ತದೆ.

ಇನ್ನು ಕಲಿಸುವುದು. ‘ಕೇಸು ಕೂಗಿದಾಗ ವಾಯಿದೆ ಕೇಳು’ ಎನ್ನುವುದು ಕಲಿಸಿದಂತಲ್ಲ, ಆಳು ಇಟ್ಟುಕೊಂಡಂತೆ. ಎರಡನೇ ತಿಂಗಳಲ್ಲೇ ಒಂದು ಸಣ್ಣ ನಿರ್ಬಂಧಕಾಜ್ಞೆ ದಾವೆಯನ್ನು ಮೊದಲಿನಿಂದ ಬರೆಯಲು ಕೊಡಿ. ತೆಂಗಿನ ತೋಟದ ಬೇಲಿ ಜಗಳ ಎಂದಿಟ್ಟುಕೊಳ್ಳಿ. ಪಾರ್ಟಿ ತಂದಿರುವ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆ. ಹುಡುಗ ಅದನ್ನೇ ಷೆಡ್ಯೂಲಿಗೆ ಇಳಿಸುತ್ತಾನೆ. ಅದೇ ಕಾಲಂನಲ್ಲಿ ಕೆಳಗೆ ಬಿ ಖರಾಬು 6 ಗುಂಟೆ, ಉಳಿದದ್ದು 2 ಎಕರೆ 4 ಗುಂಟೆ ಎಂದಿರುವುದನ್ನು ನೋಡಿರುವುದಿಲ್ಲ. ಕ್ರಯಪತ್ರದಲ್ಲೂ 2 ಎಕರೆ 4 ಗುಂಟೆಯೇ ಇರುತ್ತದೆ. ಬಿ ಖರಾಬು ಎಂದರೆ ಹಳ್ಳವೋ ದಾರಿಯೋ, ಸಾರ್ವಜನಿಕರಿಗೆ ಬಿಟ್ಟ ಜಾಗ. ಅದನ್ನೂ ನನ್ನದೆಂದು ದಾವೆಯಲ್ಲಿ ಬರೆದರೆ ಎದುರು ವಕೀಲರಿಗೆ ಮೊದಲ ಪ್ರಶ್ನೆಯನ್ನು ನೀವೇ ಬರೆದುಕೊಟ್ಟಂತೆ.

ಇಲ್ಲಿ ಹೆಚ್ಚಿನ ಸೀನಿಯರ್‌ಗಳು ಎರಡರಲ್ಲಿ ಒಂದು ಮಾಡುತ್ತಾರೆ: ಬೈಯುತ್ತಾರೆ, ಇಲ್ಲವೇ ಟೈಪಿಸ್ಟ್ ಪಕ್ಕ ಕೂತು ತಾವೇ ತಿದ್ದಿಬಿಡುತ್ತಾರೆ. ತಿದ್ದಿದರೆ ಮುಂದಿನ ದಾವೆಯಲ್ಲೂ ಅದೇ ತಪ್ಪು ಬರುತ್ತದೆ, ಏಕೆಂದರೆ ತಪ್ಪಾದದ್ದು ಅವನಿಗೆ ಗೊತ್ತೇ ಆಗಿಲ್ಲ. ಆ ಅಂಕಿಗೆ ಗೆರೆ ಎಳೆದು ಅಂಚಿನಲ್ಲಿ ‘ಆರು ಗುಂಟೆ ಎಲ್ಲಿಂದ ಬಂತು?’ ಎಂದಷ್ಟೇ ಬರೆದು ಕರಡು ವಾಪಸ್ ಕೊಡಿ. ಅವನು ಪಹಣಿ ತೆಗೆದು, ಕ್ರಯಪತ್ರ ತೆಗೆದು, ಸಾಲದೆ ಸರ್ವೆ ಟಿಪ್ಪಣಿಯ ನಕಲಿಗೆ ಅರ್ಜಿ ಹಾಕಿ ಹುಡುಕುತ್ತಾನೆ. ಒಂದು ಸಂಜೆ ಹೋಗುತ್ತದೆ, ಹೋಗಲಿ. ಆಮೇಲೆ ಜನ್ಮದಲ್ಲಿ ಅವನು ಚೆಕ್ಕುಬಂದಿ ಮತ್ತು ಖರಾಬು ನೋಡದೆ ಷೆಡ್ಯೂಲ್ ಬರೆಯುವುದಿಲ್ಲ. ಒಂದು ಎಚ್ಚರಿಕೆ: ತಡೆಯಾಜ್ಞೆ ತುರ್ತಾಗಿ ಬೇಕಾದ ದಿನ ಈ ಪಾಠ ಬೇಡ. ಅವತ್ತು ನೀವೇ ತಿದ್ದಿ ಫೈಲ್ ಮಾಡಿ, ಸಂಜೆ ಪಾಠ ಮಾಡಿ.

ಕರಡು ಬರೆದವನ ಹೆಸರು ವಕಾಲತ್ತಿನಲ್ಲಿ ಇರಲಿ. ಆ ದಾವೆಯ ಮಧ್ಯಂತರ ಅರ್ಜಿಯ ಮೇಲೆ ಅವನೇ ವಾದ ಮಾಡಲಿ, ನೀವು ಹಿಂದೆ ಕೂತಿರಿ. ಪಾಟಿ ಸವಾಲನ್ನು ಸರ್ವೆಯರ್‌ನಂತಹ ದಾಖಲೆ ಸಾಕ್ಷಿಯಿಂದ ಶುರುಮಾಡಿಸಿ, ಪಕ್ಷಗಾರರನ್ನು ಆಮೇಲೆ ಕೊಡಿ. ತಡವರಿಸಿದರೆ ಹಾಲ್‌ನಲ್ಲಿ ಎದ್ದು ಅವನ ಮಾತು ಕಿತ್ತುಕೊಳ್ಳಬೇಡಿ, ಚೀಟಿ ಕೊಡಿ. ಇಡೀ ಬಾರ್ ಮುಂದೆ ಮರ್ಯಾದೆ ತೆಗೆದವರನ್ನು ಯಾವ ಜೂನಿಯರ್ರೂ ಮರೆಯುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ನಗರ ಪ್ರದೇಶದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಕಡ್ಡಾಯವಲ್ಲ. ಅಷ್ಟು ಕೊಡಲಾಗದಿದ್ದರೆ ಎಷ್ಟು ಎಂದು ಮೊದಲ ದಿನವೇ ಹೇಳಿ, ತಿಂಗಳ ನಿಗದಿತ ದಿನ ಕೊಡಿ. ಸಂಜೆ ಜೇಬಿಗೆ ಕೈ ಹಾಕಿ ಪೆಟ್ರೋಲಿಗೆ ಇನ್ನೂರು ಕೊಡುವುದು ಸ್ಟೈಪೆಂಡ್ ಅಲ್ಲ. ಅವನ ಊರಿನವರು ಅವನನ್ನೇ ನಂಬಿ ತಂದ ಕೇಸು ಅವನದು. ಬಿಟ್ಟು ಹೋಗುವ ದಿನ ಆ ಫೈಲುಗಳಿಗೆ ಕೇಳುವ ಮುಂಚೆಯೇ ಎನ್‌ಒಸಿ ಬರೆದುಕೊಡಿ.

ವಿದ್ಯಾರ್ಥಿಗಳ ಕತೆ ಬೇರೆ. ಮೂರು ವರ್ಷದ ಕೋರ್ಸಿನವರಿಗೆ ಒಟ್ಟು 12 ವಾರ, ಐದು ವರ್ಷದವರಿಗೆ 20 ವಾರ ಇಂಟರ್ನ್‌ಶಿಪ್ ಆಗಬೇಕು, ಅದೂ ಒಂದು ವರ್ಷದಲ್ಲಿ ಸತತ ನಾಲ್ಕು ವಾರ ಮೀರುವಂತಿಲ್ಲ. ಹಾಗಾಗಿ ನಾಲ್ಕು ವಾರದಲ್ಲಿ ಮುಗಿಯುವ ಕೆಲಸವನ್ನೇ ಕೊಡಿ. ಅವರಿಗೆ ಬೇಕಿರುವುದು ಡೈರಿ: ಎರಡು ವಿಚಾರಣೆ ನೋಡಿ ಬರೆದದ್ದಕ್ಕೆ 30 ಅಂಕ, ಎರಡು ಸಲ ವಕೀಲರು ಕಕ್ಷಿದಾರರ ಜೊತೆ ಮಾತಾಡಿದ್ದನ್ನು ನೋಡಿ ಬರೆದದ್ದಕ್ಕೆ 30 ಅಂಕ. ಕಾಲೇಜಿನ ಸೀನಿಯರ್‌ನಿಂದ ಇಸಿದುಕೊಂಡ ಹಳೇ ಡೈರಿ ನಕಲು ಮಾಡಿ ಸಹಿಗೆ ಬರುವವರೇ ಹೆಚ್ಚು. ಒಂದೇ ಪ್ರಶ್ನೆ ಕೇಳಿ: ‘ಅವತ್ತು ಸಾಕ್ಷಿಗೆ ಕೇಳಿದ ಕೊನೇ ಪ್ರಶ್ನೆ ಏನಮ್ಮ?’ ಉತ್ತರ ಬರದಿದ್ದರೆ ಸಹಿ ಬೇಡ, ಮುಂದಿನ ವಿಚಾರಣೆಗೆ ಕರೆದುಕೊಂಡು ಹೋಗಿ. ಪಾರ್ಟಿ ಮಾತಾಡುವಾಗ ವಿದ್ಯಾರ್ಥಿ ಕೂರುವುದಾದರೆ ಪಾರ್ಟಿಯ ಒಪ್ಪಿಗೆ ಕೇಳಿ, ಡೈರಿಯಲ್ಲಿ ಹೆಸರು, ಊರು, ಸರ್ವೆ ನಂಬರ್ ಬರೆಯಲು ಬಿಡಬೇಡಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಇದೆ. ‘ಜೂನಿಯರ್ ಜಡ್ಜ್ ಆದರೆ ನಮಗೆ ಅನುಕೂಲ’ ಎಂದು ಲೆಕ್ಕ ಹಾಕಿ ಹುಡುಗರನ್ನು ಸೇರಿಸಿಕೊಳ್ಳುವವರಿದ್ದಾರೆ. ಬಾಕಿ ಇರುವ ಕೇಸಿನ ಬಗ್ಗೆ ನ್ಯಾಯಾಧೀಶರ ಜೊತೆ ಖಾಸಗಿಯಾಗಿ ಮಾತಾಡುವುದೇ ವಕೀಲರಿಗೆ ನಿಷಿದ್ಧ. ಹಳೇ ಜೂನಿಯರ್ ಕೂತಿರುವ ಕೋರ್ಟಿನಲ್ಲಿ ನೀವು ನ್ಯಾಯವಾಗಿಯೇ ಗೆದ್ದರೂ ಎದುರು ಪಾರ್ಟಿ ಬೇರೆಯೇ ಮಾತಾಡುತ್ತಾನೆ. ಅನುಕೂಲ ಎಲ್ಲಿ ಬಂತು?

ಜಡ್ಜ್ ಆಗಬಯಸುವ ಹುಡುಗರ ವಿಷಯದಲ್ಲಿ ನಿಮ್ಮ ಪಾತ್ರ ಇರುವುದು ಪರೀಕ್ಷೆಗೂ ಮುಂಚೆ. 2025ರ ಮೇ ತಿಂಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಆ ಅನುಭವಕ್ಕೆ ಕನಿಷ್ಠ ಹತ್ತು ವರ್ಷ ಪ್ರಾಕ್ಟೀಸ್ ಇರುವ ವಕೀಲರು ಪ್ರಮಾಣಪತ್ರ ಕೊಡಬಹುದು, ಅದಕ್ಕೆ ಆ ಸ್ಥಳದ ಪ್ರಧಾನ ನ್ಯಾಯಾಧೀಶರ ಮೇಲುಸಹಿ ಬೇಕು. ನಿಮಗೆ ಹನ್ನೆರಡು ವರ್ಷ ಆಗಿದೆ, ಆದ್ದರಿಂದ ಕೇಳಿಕೊಂಡು ಬರುತ್ತಾರೆ. ಕೋಚಿಂಗ್‌ಗೆ ಬೆಂಗಳೂರಿನಲ್ಲಿ ಕೂತು ಕೋರ್ಟಿನ ಮುಖ ನೋಡದವನೂ ಪರಿಚಯದವರ ಮೂಲಕ ಬರುತ್ತಾನೆ. ಅವನಿಗೆ ಸಹಿ ಹಾಕಿದ ದಿನ ನಿಮ್ಮ ಬಳಿ ಮೂರು ವರ್ಷ ನಿಜವಾಗಿ ದುಡಿದವನ ಪತ್ರಕ್ಕೂ ಬೆಲೆ ಹೋಗುತ್ತದೆ, ಮೇಲುಸಹಿ ಹಾಕುವವರು ಎರಡರ ಮೇಲೂ ಒಂದೇ ಸಹಿ ನೋಡುತ್ತಾರೆ. ಹಾಗಾಗಿ ಸೇರಿದ ದಿನದಿಂದಲೇ ಜೂನಿಯರ್ ಒಂದು ನೋಟ್‌ಬುಕ್ ಇಡಲಿ: ದಿನಾಂಕ, ಕೇಸ್ ನಂಬರ್, ಯಾವ ಕೋರ್ಟು, ಏನು ಮಾಡಿದ. ಜೊತೆಗೆ ಅವನ ಹೆಸರಿರುವ ವಕಾಲತ್ತುಗಳ ಮತ್ತು ಹಾಜರಿ ದಾಖಲಾದ ಆರ್ಡರ್ ಶೀಟುಗಳ ನಕಲು. ತಿಂಗಳಿಗೊಮ್ಮೆ ನೀವು ಅದರ ಕೆಳಗೆ ಸಹಿ ಹಾಕಿ.