ಹೆಸರಿನ ಕಾಲಂ ಅಳಿಸಿದ ಮೇಲೂ ಉಳಿಯುವುದು

120 ವಿದ್ಯಾರ್ಥಿಗಳ ಒಂದು ತರಗತಿ ಇದೆ ಎಂದುಕೊಳ್ಳಿ. ಅವರಲ್ಲೇ ಒಬ್ಬರು ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್‌ಗಾಗಿ ಇಡೀ ತರಗತಿಯ ಅಂಕಗಳನ್ನು ಎಕ್ಸೆಲ್ ಹಾಳೆಗೆ ಹಾಕಿಕೊಂಡಿದ್ದಾರೆ. ಹೆಸರು ಅಳಿಸಿದ್ದಾರೆ, ರೋಲ್ ನಂಬರನ್ನೂ ತೆಗೆದಿದ್ದಾರೆ. ಉಳಿದಿರುವುದು ಲಿಂಗ, ಹುಟ್ಟಿದ ವರ್ಷ, ಸೆಕ್ಷನ್, ಹಾಸ್ಟೆಲಿನವರೋ ಮನೆಯಿಂದ ಬರುವವರೋ ಎಂಬುದು, ಹಿಂದೆ ಓದಿದ ಬೋರ್ಡ್, ಕೊನೆಗೆ ಅಂಕ. ವರದಿಯ ಮೊದಲ ಪುಟದಲ್ಲಿ ‘ಯಾರ ಗುರುತೂ ಸಿಗದಂತೆ ನೋಡಿಕೊಳ್ಳಲಾಗಿದೆ’ ಎಂದು ಬರೆದೂ ಆಗಿದೆ.

ಸ್ವಲ್ಪ ಗುಣಿಸಿ ನೋಡೋಣ. ಲಿಂಗ 2, ಹುಟ್ಟಿದ ವರ್ಷ 4, ಸೆಕ್ಷನ್ 3, ವಾಸ 2, ಬೋರ್ಡ್ 3. ಒಟ್ಟು 144 ಖಾನೆಗಳಾದವು. ಇರುವ ಮಂದಿ 120. ತಲೆಗೊಂದು ಖಾನೆ ಕೊಟ್ಟರೂ ಇನ್ನೂ 24 ಖಾಲಿ! ನಿಜದಲ್ಲಿ ಹಂಚಿಕೆ ಇಷ್ಟು ಸಮವಾಗಿರುವುದಿಲ್ಲ. ಒಂದೇ ವಯಸ್ಸಿನ, ಒಂದೇ ಬೋರ್ಡಿನಿಂದ ಬಂದವರು ಕೆಲವು ಖಾನೆಗಳಲ್ಲಿ ಹತ್ತು ಹದಿನೈದು ಜನ ಒಟ್ಟಿಗೆ ಕೂತಿರುತ್ತಾರೆ. ಅವರು ಗುಂಪಿನಲ್ಲಿ ಕರಗಿಹೋಗುತ್ತಾರೆ. ಖಾನೆಯಲ್ಲಿ ಒಂಟಿಯಾಗಿ ಉಳಿಯುವವರು ಬೇರೆ. ನಾಲ್ಕು ವರ್ಷ ಕೆಲಸ ಮಾಡಿ ಮತ್ತೆ ಓದಲು ಬಂದವರು, ಹೊರಗಿನ ಬೋರ್ಡಿನಿಂದ ಬಂದ ಒಬ್ಬಳೇ ಹುಡುಗಿ, ಇಂಥವರು. ಅಂದರೆ ಎಲ್ಲರ ಹೆಸರನ್ನೂ ಸಮನಾಗಿ ಅಳಿಸಿದರೂ ರಕ್ಷಣೆ ಎಲ್ಲರಿಗೂ ಸಮನಾಗಿ ಸಿಗಲಿಲ್ಲ.

ಇದು ದೊಡ್ಡ ಮಟ್ಟದಲ್ಲಿ ಬಯಲಾದದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿನ ಸರ್ಕಾರಿ ನೌಕರರ ವಿಮಾ ಆಯೋಗವು ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಹುಟ್ಟಿದ ದಿನಾಂಕ, ಲಿಂಗ, ನಮ್ಮ ಪಿನ್ ಕೋಡಿನಂಥ ಜಿಪ್ ಕೋಡ್ ಹಾಗೇ ಉಳಿದಿದ್ದವು. ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಅದೇ ರಾಜ್ಯದ ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡರು. ಹೆಸರಿನ ಜೊತೆ ಅದೇ ಮೂರು ವಿವರಗಳು ಆ ಪಟ್ಟಿಯಲ್ಲೂ ಇದ್ದವು. ರಾಜ್ಯದ ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅಲ್ಲಿನ ನಿವಾಸಿ. ಅವರ ಹುಟ್ಟುದಿನಾಂಕವೇ ಇದ್ದ ಮತದಾರರು 6 ಮಂದಿ, ಅವರಲ್ಲಿ ಗಂಡಸರು 3, ಅವರದೇ ಜಿಪ್ ಕೋಡ್ ಇದ್ದವರು ಒಬ್ಬರೇ. ಗವರ್ನರ್ ಅವರ ಆಸ್ಪತ್ರೆ ದಾಖಲೆ ಕೈಗೆ ಸಿಕ್ಕಿತು. 1996ರ ಮೇ ತಿಂಗಳಲ್ಲಿ ಪದವಿ ಪ್ರದಾನ ಸಮಾರಂಭವೊಂದರಲ್ಲಿ ಅವರು ಕುಸಿದು ಬಿದ್ದು ಆಸ್ಪತ್ರೆ ಸೇರಿದ್ದು ಪತ್ರಿಕೆಗಳಲ್ಲೂ ಬಂದಿತ್ತು.

ಮತದಾರರ ಪಟ್ಟಿಯಲ್ಲಿ ಇಲ್ಲದವರೂ ಊರಲ್ಲಿರುತ್ತಾರೆ, ಹಾಗಾಗಿ ಆ ದಾಖಲೆ ಗವರ್ನರ್ ಅವರದೇ ಎನ್ನಲು ಪತ್ರಿಕೆ ಸುದ್ದಿಯ ಬೆಂಬಲ ಬೇಕೇ ಬೇಕಿತ್ತು ಎಂಬ ಆಕ್ಷೇಪ ಮುಂದೆ ಬಂತು. ಆ ಮೂರು ವಿವರಗಳಿಂದಲೇ ಅಮೆರಿಕದ 87% ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂದು ಸ್ವೀನಿ ಲೆಕ್ಕ ಹಾಕಿದ್ದರು. 2006ರಲ್ಲಿ ಸಂಶೋಧಕ ಫಿಲಿಪ್ ಗೋಲ್ ಮತ್ತೆ ಲೆಕ್ಕ ಮಾಡಿದಾಗ ಅದು 63%ಕ್ಕೆ ಇಳಿಯಿತು. ಇಳಿದರೂ ಅರ್ಧಕ್ಕಿಂತ ಹೆಚ್ಚೇ.

ತರಗತಿಯ ಪ್ರಾಜೆಕ್ಟ್‌ನಲ್ಲಿ ಇಷ್ಟು ಕಷ್ಟವೂ ಬೇಕಿಲ್ಲ. ಸ್ವೀನಿ ಪಟ್ಟಿಯನ್ನು ಕೊಳ್ಳಬೇಕಾಯಿತು. ಪಕ್ಕದ ಬೆಂಚಿನವರಿಗೆ ಆ ಪಟ್ಟಿ ಬಾಯಿಪಾಠ. ಯಾರು ಹಾಸ್ಟೆಲಿನಲ್ಲಿದ್ದಾರೆ, ಯಾರು ಎಲ್ಲಿಂದ ಬಂದವರು ಎಂಬುದನ್ನು ಅವರೇನೂ ಹುಡುಕಬೇಕಿಲ್ಲ. ಗೊತ್ತಿಲ್ಲದ್ದು ಅಂಕ ಮಾತ್ರ, ಅದನ್ನು ಹಾಳೆಯೇ ಹೇಳಿಬಿಡುತ್ತದೆ. ಹಾಳೆಯ ಸಾಲುಗಳ ಕ್ರಮವನ್ನೂ ಒಮ್ಮೆ ನೋಡಿ. ಹೆಸರಿನ ಕಾಲಂ ಹೋದರೂ ಸಾಲುಗಳು ಹಾಜರಿ ಪಟ್ಟಿಯ ಕ್ರಮದಲ್ಲೇ ಉಳಿದಿದ್ದರೆ 37ನೇ ಸಾಲು ಯಾರದೆಂದು ಎಣಿಸಿ ಹೇಳಬಹುದು. ರೋಲ್ ನಂಬರನ್ನು ಅಳಿಸುವ ಬದಲು ಹ್ಯಾಶ್ ಮಾಡುವವರೂ, ಅಂದರೆ ಒಂದು ನಿಗದಿತ ಸೂತ್ರಕ್ಕೆ ಹಾಕಿ ಅಕ್ಷರ, ಅಂಕಿಗಳ ಉದ್ದನೆಯ ಸರವಾಗಿಸುವವರೂ ಇದ್ದಾರೆ. ನೋಡಲು ಭದ್ರ ಬೀಗ. ಆದರೆ ಇರುವುದೇ 120 ನಂಬರುಗಳು. ಒಂದೊಂದನ್ನೂ ಅದೇ ವಿಧಾನದಲ್ಲಿ ಹ್ಯಾಶ್ ಮಾಡಿ ಹೋಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ತೆರೆದುಕೊಳ್ಳುತ್ತವೆ.

ಸಾಲುಗಳನ್ನು ಕೊಡದೆ ಸರಾಸರಿಯನ್ನಷ್ಟೇ ಕೊಟ್ಟರೆ? ಮೊದಲ ಕರಡಿನಲ್ಲಿ ಒಂದು ಸೆಕ್ಷನ್ನಿನ 30 ಜನರ ಸರಾಸರಿ 62.4 ಎಂದಿದೆ. ನಡುವೆ ಒಬ್ಬರು ಕೋರ್ಸ್ ಬಿಟ್ಟರು. ಕೊನೆಯ ವರದಿಯಲ್ಲಿ ಉಳಿದ 29 ಜನರ ಸರಾಸರಿ 63.0. ಮೊದಲ ಮೊತ್ತ 1872, ಎರಡನೆಯದು 1827. ಬಿಟ್ಟುಹೋದವರ ಅಂಕ 45. ಒಂದು ಕಳೆಯುವ ಲೆಕ್ಕ, ಅಷ್ಟೇ.

ರೋಗಿಯ ವಿಷಯದಲ್ಲಿ ಇದೇ ಸಂಗತಿಗೆ ಬೇರೆ ಭಾರವಿದೆ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಕೇಸ್ ರಿಪೋರ್ಟ್‌ನಲ್ಲಿ ಹೀಗೆ ಬರೆದಳು ಎಂದುಕೊಳ್ಳಿ: ‘58 ವರ್ಷದ ನಿವೃತ್ತ ಶಿಕ್ಷಕಿ. ಮಾರ್ಚ್ 14ರ ರಾತ್ರಿ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದಿದೆ. ಎಂಟು ವರ್ಷಗಳಿಂದ ಎಚ್‌ಐವಿ ಚಿಕಿತ್ಸೆಯಲ್ಲಿದ್ದಾರೆ, ಟೆನೊಫೊವಿರ್ ತೆಗೆದುಕೊಳ್ಳುತ್ತಿದ್ದಾರೆ.’ ಹೆಸರಿಲ್ಲ, ನಿಜ. ಆದರೆ ಆ ಟೀಚರ್ ಬಸ್ಸಿನಿಂದ ಬಿದ್ದದ್ದು ಬಂಧುಗಳಿಗೆ, ನೆರೆಯವರಿಗೆ, ಹಳೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಎರಡನೇ ವಾಕ್ಯ ಓದುತ್ತಲೇ ಅವರು ಇದು ಯಾರೆಂದು ಗುರುತು ಹಿಡಿಯುತ್ತಾರೆ. ಮೂರನೆಯದರಲ್ಲಿ, ಬಹುಶಃ ಮನೆಯವರಿಗೂ ತಿಳಿಯದ ವಿಷಯ ಕಾದು ಕೂತಿದೆ.

ಈ ಕೇಸಿನಿಂದ ಕಲಿಯಬೇಕಾದ ಪಾಠದ ತಿರುಳೇನು? ಟೆನೊಫೊವಿರ್ ಮೂಳೆಯ ಸಾಂದ್ರತೆಯನ್ನು ತಗ್ಗಿಸಬಲ್ಲದು, ಋತುಬಂಧ ದಾಟಿದ ಹೆಂಗಸಿನಲ್ಲಿ ಮೂಳೆ ಮುರಿದಾಗ ಅದನ್ನೂ ಗಮನಿಸಬೇಕು ಎಂಬುದು. ಹಾಗಿದ್ದಲ್ಲಿ ಔಷಧಿ ಇರಲೇಬೇಕು, ವಯಸ್ಸು ಸುಮಾರಾಗಿ ಇದ್ದರೆ ಸಾಕು. ಬಸ್ಸು, ಶಿಕ್ಷಕಿ, ಮಾರ್ಚ್ 14, ರಾತ್ರಿ ಯಾವುದೂ ಬೇಡ. ‘ಐವತ್ತು ದಾಟಿದ ಮಹಿಳೆ, ಎತ್ತರವಲ್ಲದ ಜಾಗದಿಂದ ಬಿದ್ದು ಮೂಳೆ ಮುರಿತ, ದೀರ್ಘಕಾಲದಿಂದ ಟೆನೊಫೊವಿರ್’ ಎಂದು ಬರೆದು, ದಿನಾಂಕದ ಬದಲು ದಾಖಲಾದ ದಿನವನ್ನು 0 ಎಂದಿಟ್ಟು ಅಲ್ಲಿಂದ ಎಣಿಸಿದರೆ ಪಾಠಕ್ಕೆ ಏನೂ ಊನವಾಗುವುದಿಲ್ಲ.

ಹಾಳೆಗಳಿಗೂ ಇದೇ ದಾರಿ. ಬೇಡದ ಕಾಲಂ ಬಿಡುವುದು, ಬೇಕಾದ್ದನ್ನು ಒರಟಾಗಿಸುವುದು, ಆಮೇಲೆ ಒಂದೊಂದು ಖಾನೆಯಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸುವುದು. ಐದಕ್ಕಿಂತ ಕಡಿಮೆ ಇದ್ದರೆ ಖಾನೆಗಳನ್ನು ಕೂಡಿಸುವುದು, ಇಲ್ಲವೇ ಆ ಸಾಲನ್ನೇ ಕೈಬಿಡುವುದು. ಪ್ರತಿ ಖಾನೆಯಲ್ಲೂ ಕನಿಷ್ಠ ಇಷ್ಟು ಜನ ಇರಬೇಕೆಂಬ ಈ ನಿಯಮಕ್ಕೆ ಕೆ-ಅನಾಮಿಕತೆ ಎನ್ನುತ್ತಾರೆ. ಅದರಲ್ಲೂ ಒಂದು ತೂತಿದೆ. ಖಾನೆಯ ಆರೂ ಜನ ಫೇಲಾಗಿದ್ದರೆ, ನನ್ನ ಗೆಳೆಯ ಆ ಆರರಲ್ಲಿ ಯಾರೆಂದು ತಿಳಿಯದೆಯೂ ಅವನು ಫೇಲ್ ಎಂದು ನನಗೆ ತಿಳಿಯಿತು. ಎಷ್ಟು ಜನ ಎಂಬುದರ ಜೊತೆಗೆ, ಅವರ ಫಲಿತಾಂಶದಲ್ಲಿ ವ್ಯತ್ಯಾಸವಿದೆಯೇ ಎಂದೂ ನೋಡಬೇಕು.

ಇದೆಲ್ಲ ಪುಕ್ಕಟೆಯಲ್ಲ. 2014ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ತಮ್ಮ ಆನ್‌ಲೈನ್ ಕೋರ್ಸ್‌ಗಳ ದತ್ತಾಂಶವನ್ನು ಐದರ ನಿಯಮ ಹಾಕಿ ಬಿಡುಗಡೆ ಮಾಡಿದವು. ಹಲವು ಕೋರ್ಸ್‌ಗಳನ್ನು ಒಟ್ಟಿಗೆ ತೆಗೆದುಕೊಂಡವರು, ಚರ್ಚೆಯಲ್ಲಿ ಬಹಳ ಬರೆದವರು ಸುಲಭವಾಗಿ ಗುರುತು ಸಿಗುವವರು. ಅವರನ್ನು ತೆಗೆದದ್ದೇ ತಡ, ಓದುವುದರಲ್ಲಿ ಚುರುಕಾಗಿದ್ದವರೇ ದತ್ತಾಂಶದಿಂದ ಜಾರಿಹೋದರು, ಮೂಲ ಹಾಳೆಗೂ ಬಿಡುಗಡೆಯಾದ ಹಾಳೆಗೂ ಲೆಕ್ಕ ತಾಳೆಯಾಗಲಿಲ್ಲ. ತರಗತಿಯ ಅಭ್ಯಾಸಕ್ಕಾದರೆ ನಿಜವಾದ ಹಾಳೆಯೇ ಬೇಕೆಂದಿಲ್ಲ, ಕೃತಕವಾಗಿ ಹುಟ್ಟಿಸಿದ ಅಂಕಗಳಿಂದಲೂ ಸರಾಸರಿ ತೆಗೆಯುವುದನ್ನು ಕಲಿಯಬಹುದು ಎನ್ನುವುದು ನನ್ನ ಅನಿಸಿಕೆ.

ಇನ್ನು ಕೆಲವು ರೋಗಗಳು ಎಷ್ಟು ಅಪರೂಪವೆಂದರೆ ರೋಗದ ಹೆಸರೇ ರೋಗಿಯ ಹೆಸರಾಗುತ್ತದೆ. ಅಲ್ಲಿ ಒರಟಾಗಿಸಲು ಏನೂ ಉಳಿಯುವುದಿಲ್ಲ. ಫೋಟೊದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಎಳೆದರೆ ಸಾಲದು ಎಂದು ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಸ್ಪಷ್ಟವಾಗಿಯೇ ಹೇಳಿದೆ. ಗುರುತು ಸಿಗುವಂತಿದ್ದರೆ ಪ್ರಕಟಿಸುವ ಮೊದಲು ಬರಹವನ್ನು ರೋಗಿಗೇ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಅದರ ನಿಯಮ. ತರಗತಿಯ ರಿಪೋರ್ಟ್ ಪ್ರಕಟವಾಗುವುದಿಲ್ಲ, ಆದರೂ ಆ ಶಿಕ್ಷಕಿಯ ಕೈಗೆ ಕರಡು ಕೊಟ್ಟಿದ್ದರೆ ‘ಬಸ್ಸಿನ ಮಾತು ತೆಗೆದುಬಿಡಮ್ಮ’ ಎಂದು ಆಕೆಯೇ ಹೇಳುತ್ತಿದ್ದರು.