ಮಾರ್ಚ್ 31ರ ಸ್ಟಾಕ್ ನಂಬ್ಕೊಂಡ್ರೆ ಇನ್ವೆಂಟರಿ ಟರ್ನೋವರ್ ಕೈ ಕೊಡುತ್ತೆ

ದಾಸ್ತಾನು ವರ್ಷಕ್ಕೆ ಎಷ್ಟು ಸಲ ಮಾರಿ ಖಾಲಿಯಾಗಿ ಮತ್ತೆ ತುಂಬುತ್ತೆ ಅಂತ ಹೇಳೋದೇ ಇನ್ವೆಂಟರಿ ಟರ್ನೋವರ್. ಫಾರ್ಮುಲಾ ಎಲ್ರಿಗೂ ಬಾಯಿಪಾಠ ಆಗಿರುತ್ತೆ, ಮಾರಿದ ಮಾಲಿನ ಅಸಲು ÷ ಸರಾಸರಿ ದಾಸ್ತಾನು, ಅಷ್ಟೇ. ಮೇಲ್ಗಡೆ ಮಾರಾಟದ ಮೊತ್ತ ಹಾಕ್ಬೇಡಿ, ಅದ್ರಲ್ಲಿ ಲಾಭ ಸೇರಿರುತ್ತೆ, ದಾಸ್ತಾನು ಮಾತ್ರ ಅಸಲಲ್ಲಿರುತ್ತೆ. ನಾನು ಎಡವಿದ್ದು ಕೆಳಗಿನ ‘ಸರಾಸರಿ’ಯಲ್ಲಿ.

ಮಡಿಕೇರಿಯಲ್ಲಿ ಕೊಡೆ, ರೈನ್‌ಕೋಟು, ಗಂಬೂಟು ಮಾರೋ ಒಂದು ಅಂಗಡಿ ಅಂತ ಇಟ್ಕೊಳ್ಳಿ (ಅಂಕಿಗಳು ಲೆಕ್ಕಕ್ಕೆ ಅಂತ ನಾನೇ ಹಾಕಿದ್ದು). ವರ್ಷಕ್ಕೆ ಮಾರಿದ ಮಾಲಿನ ಅಸಲು 12 ಲಕ್ಷ, ಏಪ್ರಿಲ್ 1ಕ್ಕೂ ಮಾರ್ಚ್ 31ಕ್ಕೂ ದಾಸ್ತಾನು 1.5 ಲಕ್ಷ. 12 ÷ 1.5 = 8 ಸಲ, ಅಂದ್ರೆ ಮಾಲು ಸುಮಾರು 46 ದಿನಕ್ಕೆ ಖಾಲಿ, ಆಹಾ ಅನ್ಸುತ್ತೆ. ಆದ್ರೆ ಮಾರ್ಚಲ್ಲಿ ಮಳೆ ಅಂಗಡಿಯ ಗೋಡೌನ್ ಖಾಲಿನೇ ಇರುತ್ತಲ್ವಾ, ಮಾಲು ಬಂದು ಬೀಳೋದು ಮೇ ತಿಂಗಳಲ್ಲಿ! ಹನ್ನೆರಡೂ ತಿಂಗಳ ಕೊನೆಯ ಸ್ಟಾಕ್ ಕೂಡಿಸಿ ಭಾಗಿಸಿದ್ರೆ ಸರಾಸರಿ 3 ಲಕ್ಷ ಬಂತು ಅನ್ಕೊಳ್ಳಿ, ಆಗ ಟರ್ನೋವರ್ 4, ದಿನ 91. ಅಂಗಡಿ ಅದೇ, ವರ್ಷನೂ ಅದೇ, ಉತ್ತರ ಮಾತ್ರ ಅರ್ಧ.

ಸರಿ, ಈ 4 ಒಳ್ಳೇದಾ ಕೆಟ್ಟದ್ದಾ? ಒಟ್ಟು ಅಂಕಿ ನೋಡಿ ಹೇಳಕ್ಕಾಗಲ್ಲ, ಐಟಂ ಬಿಡಿಸ್ಬೇಕು. ಕೊಡೆ: ಅಸಲು 6 ಲಕ್ಷ, ದಾಸ್ತಾನು 75 ಸಾವಿರ, ಅಂದ್ರೆ 8 ಸಲ. ರೈನ್‌ಕೋಟು: 4.5 ಲಕ್ಷಕ್ಕೆ 90 ಸಾವಿರ, 5 ಸಲ. ಗಂಬೂಟು: 1.5 ಲಕ್ಷಕ್ಕೆ 1.35 ಲಕ್ಷ, ಬರೀ 1.1 ಸಲ, ಹತ್ರ ಹತ್ರ 11 ತಿಂಗಳು ಕೂತಿರುತ್ತೆ.

ಗಂಬೂಟಿಗೆ ಗಿರಾಕಿ ಇಲ್ಲ ಅಂತ ಬರೆದುಬಿಟ್ರೆ ತಪ್ಪು, ತೋಟದ ಕೆಲಸಕ್ಕೆ ಅದು ಬೇಕೇ ಬೇಕು. ರ‍್ಯಾಕ್ ಹತ್ರ ಹೋಗಿ ಸೈಜ್ ನೋಡಿ: ಓಡೋ 8, 9 ಜೂನಲ್ಲೇ ಮುಗಿದಿದೆ, ಉಳಿದಿರೋದೆಲ್ಲ 5 ಮತ್ತು 11. ಎಲ್ಲಾ ಸೈಜನ್ನೂ ಒಂದೇ ಲೆಕ್ಕದಲ್ಲಿ ತರಿಸಿದ್ದೇ ಎಡವಟ್ಟು. ನಮ್ಮೂರ ತೇವಕ್ಕೆ ಡಬ್ಬಕ್ಕೆಲ್ಲ ಬೂಸ್ಟು, ಇಟ್ಟಷ್ಟೂ ರಬ್ಬರ್ ಗಟ್ಟಿಯಾಗಿ ಬಿರುಕು ಬೇರೆ, ಆಮೇಲೆ ಅಸಲಿಗೂ ಹೋಗಲ್ಲ, ಹಾಗಾಗಿ ಪುಸ್ತಕದಲ್ಲಿರೋ 1.35 ಲಕ್ಷದ ಬೆಲೆನೇ ಡೌಟು.

ಇನ್ನು ಕೊಡೆಯ 8. ಇಲ್ಲೂ ಖುಷಿ ಪಡೋ ಮುಂಚೆ ಜುಲೈ ನೋಡಿ. ಜೋರು ಮಳೆ ಹಿಡಿದಿರೋ ವಾರ ‘ಕೊಡೆ ಖಾಲಿ, ಸೋಮವಾರ ಬರುತ್ತೆ’ ಅಂದ್ರೆ ಗಿರಾಕಿ ನೆನ್ಕೊಂಡು ಸೋಮವಾರದವರೆಗೆ ಕಾಯ್ತಾನಾ, ಪಕ್ಕದ ಅಂಗಡಿಗೆ ಹೋಗ್ತಾನೆ, ಆ ಕಳ್ಕೊಂಡ ವ್ಯಾಪಾರ ಅನುಪಾತದಲ್ಲಿ ಎಲ್ಲೂ ಕಾಣಲ್ಲ, ಉಲ್ಟಾ ಸ್ಟಾಕ್ ಕಮ್ಮಿ ಇದ್ದಷ್ಟೂ ಅಂಕಿ ಮೇಲೇರುತ್ತೆ. ಡಿಸ್ಕೌಂಟಲ್ಲಿ ಸುರಿದು ಮಾರಿದ್ರೂ ಏರುತ್ತೆ, ಆದ್ರೆ ಆಗ ಒಟ್ಟು ಲಾಭದ ಪರ್ಸೆಂಟು ಇಳಿದಿರುತ್ತೆ. ಲಾಭ ಇಳಿದಿಲ್ಲ, ಟರ್ನೋವರ್ ಮಾತ್ರ ಏರಿದೆ ಅಂದ್ರೆ ಎಷ್ಟು ದಿನ ರ‍್ಯಾಕ್ ಖಾಲಿ ಇತ್ತು ಅಂತ ಕೇಳಿ. ಒಂದು ದಿನವೂ ಖಾಲಿ ಇರ್ಲಿಲ್ಲ ಅಂದ್ರೆ ಆ 8 ನಿಜಕ್ಕೂ ಒಳ್ಳೆ ಖರೀದಿದೇ.